ಮನಿ ಪ್ಲಾಂಟ್‌ನ ಬಿಳಿ ಪಟ್ಟೆ ಹೋಗಿ ಬರೀ ಹಸಿರಾದರೆ: ಎಲ್ಲಿ ಕತ್ತರಿಸಬೇಕು, ಎಲ್ಲಿ ಕತ್ತರಿಸಿ ಪ್ರಯೋಜನವಿಲ್ಲ

ಮಾರ್ಬಲ್ ಕ್ವೀನ್ ಮನಿ ಪ್ಲಾಂಟ್ ನರ್ಸರಿಯಿಂದ ತರುವಾಗ ಒಂದೊಂದು ಎಲೆಯೂ ಅರ್ಧ ಬಿಳಿ, ಅರ್ಧ ಹಸಿರು ಇರುತ್ತದೆ. ಮನೆಗೆ ತಂದು ಆರು ತಿಂಗಳೋ ಒಂದು ವರ್ಷವೋ ಆದಮೇಲೆ ಬಳ್ಳಿಯ ತುದಿಯಲ್ಲಿ ಬರುವ ಎಲೆಗಳು ಸುಮ್ನೆ ಹಸಿರಾಗಿ ಬರಲು ಶುರುವಾಗುತ್ತವೆ. ಆಗ ಎರಡು ಸಲಹೆ ಸಿಗುತ್ತವೆ. ಒಬ್ಬರು 'ಬಿಸಿಲಿಗಿಡಿ, ಸರಿಹೋಗುತ್ತೆ' ಎನ್ನುತ್ತಾರೆ. ಇನ್ನೊಬ್ಬರು 'ಕತ್ತರಿಸಿ ಹಾಕಿ, ಹೊಸ ಚಿಗುರು ಬಿಳಿ ಬರುತ್ತೆ' ಎನ್ನುತ್ತಾರೆ. ಎರಡೂ ಕೆಲವು ಸಲ ನಿಜ, ಕೆಲವು ಸಲ ಪೂರ್ತಿ ಸುಳ್ಳು. ನಿಮ್ಮ ಗಿಡಕ್ಕೆ ಯಾವುದು ಅನ್ವಯಿಸುತ್ತದೆ ಎನ್ನುವುದಕ್ಕೆ ಉತ್ತರ ಎಲೆಯಲ್ಲಿಲ್ಲ, ಕಾಂಡದಲ್ಲಿದೆ. ಈ ಬರಹದ ಬಹುಪಾಲು ಆ ಕಾಂಡವನ್ನು ಓದುವುದು ಹೇಗೆ ಎನ್ನುವುದರ ಬಗ್ಗೆಯೇ.

ಬಿಳಿ ಎಲ್ಲಿಂದ ಬಂತು

ಎಲೆಯ ಬಿಳಿ ಭಾಗ ಎಂದರೆ ಅಲ್ಲಿ ಬಿಳಿ ಬಣ್ಣ ಇದೆ ಎಂದಲ್ಲ. ಅಲ್ಲಿನ ಜೀವಕೋಶಗಳಿಗೆ ಹರಿತ್ತು, ಅಂದರೆ ಕ್ಲೋರೋಫಿಲ್, ತಯಾರಿಸಲು ಬರುವುದಿಲ್ಲ, ಅಷ್ಟೆ. ಒಂದೇ ಗಿಡದೊಳಗೆ ಹಸಿರು ಮಾಡಬಲ್ಲ ಕೋಶಗಳೂ ಮಾಡಲಾರದ ಕೋಶಗಳೂ ಒಟ್ಟಿಗೆ ಬದುಕುತ್ತಿರುತ್ತವೆ. ಬಳ್ಳಿಯ ಕುಡಿಯಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಬೆಳೆಯುವ ತುದಿ ಇದೆ. ಎಲೆ, ಕಾಂಡ, ಮುಂದಿನ ಮೊಗ್ಗು ಎಲ್ಲವೂ ಅಲ್ಲಿಂದಲೇ ಬರುವುದು. ಆ ತುದಿಯಲ್ಲಿ ಎರಡೂ ಜಾತಿಯ ಕೋಶಗಳು ಇರುವವರೆಗೆ ಎಲೆ ಪಟ್ಟೆಪಟ್ಟೆಯಾಗಿ ಬರುತ್ತದೆ. ಬೆಳೆಯುತ್ತಾ ಬೆಳೆಯುತ್ತಾ ಬಿಳಿ ಕೋಶಗಳು ಪಕ್ಕಕ್ಕೆ ಸರಿದು, ತುದಿಯಲ್ಲಿ ಹಸಿರಿನವು ಮಾತ್ರ ಉಳಿದರೆ ಅಲ್ಲಿಂದ ಮುಂದೆ ಬರುವುದೆಲ್ಲ ಹಸಿರೇ.

ಮನಿ ಪ್ಲಾಂಟ್‌ನಲ್ಲಿ ಈ ಎರಡು ಬಗೆಯ ಕೋಶಗಳು ಉದ್ದುದ್ದ ಪಟ್ಟೆಗಳಾಗಿ ಸಾಗುತ್ತವೆ. ಅದಕ್ಕೇ ಕಾಂಡದ ಮೇಲೂ ಬಿಳಿ ಗೆರೆಗಳು ಕಾಣುತ್ತವೆ. ವೆರಿಗೇಟೆಡ್, ಅಂದರೆ ಎಲೆಯಲ್ಲಿ ಹಸಿರಿನ ಜೊತೆ ಬಿಳಿಯೋ ಹಳದಿಯೋ ಇರುವ, ಫೈಕಸ್, ಹಳದಿ ಅಂಚಿನ ಸ್ನೇಕ್ ಪ್ಲಾಂಟ್ ಮುಂತಾದವುಗಳಲ್ಲಿ ಜೋಡಣೆ ಬೇರೆ. ಅಲ್ಲಿ ಚಿರೋಟಿಯ ಹಾಗೆ ಪದರದ ಮೇಲೆ ಪದರ, ಒಂದು ಪದರ ಹಸಿರಿನದು, ಇನ್ನೊಂದು ಬಣ್ಣವಿಲ್ಲದ್ದು. ಹಾಗಾಗಿ ಎಲೆಗೆ ಅಚ್ಚುಕಟ್ಟಾದ ಅಂಚು ಬರುತ್ತದೆ. ಪದರ ಎಲ್ಲೋ ಒಂದು ಕಡೆ ತಪ್ಪಿ ಒಳಗಿನದು ಹೊರಗೆ ಬಂದರೆ ಆ ಕೊಂಬೆ ಪೂರ್ತಿ ಹಸಿರಾಗುತ್ತದೆ.

ಒಂದೇ ಗಿಡದಲ್ಲಿ ಒಂದೊಂದು ಕೊಂಬೆಗೆ ಒಂದೊಂದು ಹಣೆಬರಹ ಎನ್ನುವುದನ್ನು ಚೆನ್ನಾಗಿ ತೋರಿಸಿಕೊಟ್ಟ ಗಿಡ ನಮ್ಮ ಹಿತ್ತಲಲ್ಲೇ ಇದೆ: ಸಂಜೆ ಮಲ್ಲಿಗೆ. ಜರ್ಮನಿಯ ಕಾರ್ಲ್ ಕೊರೆನ್ಸ್ 1909ರಲ್ಲಿ ಪಟ್ಟೆ ಎಲೆಯ ಸಂಜೆ ಮಲ್ಲಿಗೆಯ ಬಗ್ಗೆ ಬರೆದರು. ಆ ಗಿಡದಲ್ಲಿ ಹಸಿರು ಕೊಂಬೆ, ಬಿಳಿ ಕೊಂಬೆ, ಪಟ್ಟೆ ಕೊಂಬೆ ಮೂರೂ ಇದ್ದವು. ಹಸಿರು ಕೊಂಬೆಯ ಹೂವಿನ ಬೀಜದಿಂದ ಹಸಿರು ಸಸಿ, ಬಿಳಿ ಕೊಂಬೆಯ ಬೀಜದಿಂದ ಬಿಳಿ ಸಸಿ, ಪಟ್ಟೆ ಕೊಂಬೆಯ ಬೀಜದಿಂದ ಮೂರೂ ಬಗೆ. ಪರಾಗ ಯಾವ ಕೊಂಬೆಯಿಂದ ಬಂದರೂ ಫಲಿತಾಂಶ ಬದಲಾಗಲಿಲ್ಲ. ಬಿಳಿ ಸಸಿಗಳು ಆಹಾರ ತಯಾರಿಸಲಾಗದೆ ಸತ್ತವು. ಮನಿ ಪ್ಲಾಂಟ್‌ನ ಬೀಜ ನಾವು ಬಿತ್ತುವುದಿಲ್ಲ, ಆದರೂ ಕತ್ತರಿ ಹಿಡಿದಾಗ ನೆನಪಿಡಬೇಕಾದ ಮಾತು ಇದೇ. ಯಾವ ಜಾಗದಿಂದ ಹೊಸ ಬೆಳವಣಿಗೆ ಬರುತ್ತದೋ, ಆ ಜಾಗದಲ್ಲಿ ಏನಿದೆಯೋ ಅದೇ ಸಿಗುತ್ತದೆ.

ಮೊದಲು ತಿಳಿಯಬೇಕಾದ್ದು: ಗಿಡ ನಿಜವಾಗಿಯೂ ಹಸಿರಿಗೆ ತಿರುಗಿದೆಯೇ?

ಹಸಿರಾದದ್ದೆಲ್ಲ ಈ ಕೋಶಗಳ ಆಟವಲ್ಲ. ಬೆಂಗಳೂರಿನ ಪಾರ್ಕುಗಳಲ್ಲಿ ಬೇಲಿಗೆ ಹಾಕುವ ಹಳದಿ ಡುರಾಂಟಾ ನೋಡಿ. ಬಿಸಿಲಿಗೆ ಒಡ್ಡಿದ ಮೇಲ್ಭಾಗ ಚಿನ್ನದ ಬಣ್ಣ, ನೆರಳಿನ ಒಳಭಾಗ ಹಸಿರು. ಬಿಸಿಲು ಬಿದ್ದರೆ ಅಲ್ಲಿ ಬರುವ ಹೊಸ ಚಿಗುರು ಮತ್ತೆ ಹಳದಿಯಾಗುತ್ತದೆ. ಕ್ರೋಟನ್ ಕೂಡ ಹಾಗೆಯೇ, ಮನೆಯೊಳಗಿಟ್ಟರೆ ಕೆಂಪು ಹಳದಿ ಹೋಗಿ ಹಸಿರಾಗುತ್ತದೆ. ಇವುಗಳಲ್ಲಿ ಏನೂ ಕಳೆದುಹೋಗಿಲ್ಲ, ಬೆಳಕು ಸಾಲುತ್ತಿಲ್ಲ ಅಷ್ಟೆ. ಕತ್ತರಿ ಬೇಡ, ಜಾಗ ಬದಲಿಸಿ. ಆದರೆ ಬಿಳಿ ಅಂಚಿನ ಡುರಾಂಟಾ ಬೇರೆ ಕಥೆ. ಅದರಲ್ಲಿ ಒಂದು ಕೊಂಬೆ ಹಸಿರಾದರೆ ಎಷ್ಟು ಬಿಸಿಲಿದ್ದರೂ ಹಿಂದಿರುಗುವುದಿಲ್ಲ.

ಮಾರ್ಬಲ್ ಕ್ವೀನ್ ಈ ಎರಡರ ನಡುವೆ ನಿಲ್ಲುತ್ತದೆ. ಕಡಿಮೆ ಬೆಳಕಿನಲ್ಲಿ ಅದರ ಹೊಸ ಎಲೆಗಳಲ್ಲಿ ಹಸಿರು ಜಾಸ್ತಿಯಾಗುತ್ತದೆ. ಒಳ್ಳೆಯ ಬೆಳಕಿಗೆ ತಂದರೆ ಬಿಳಿ ಮತ್ತೆ ಹೆಚ್ಚುತ್ತದೆ, ಆದರೆ ತುದಿಯಲ್ಲಿ ಬಿಳಿ ಕೋಶಗಳು ಇನ್ನೂ ಉಳಿದಿದ್ದರೆ ಮಾತ್ರ. ಪರೀಕ್ಷೆ ಸುಲಭ. ಹಸಿರಾದ ತುದಿಯ ಕಾಂಡವನ್ನು ಬೆಳಕಿನಲ್ಲಿ ತಿರುಗಿಸಿ ತಿರುಗಿಸಿ ನೋಡಿ. ಸಣ್ಣಗಾದರೂ ತಿಳಿ ಗೆರೆ ಓಡುತ್ತಿದ್ದರೆ ಮೊದಲು ಬೆಳಕು ಸರಿಮಾಡಿ, ಎರಡು ಮೂರು ಹೊಸ ಎಲೆ ಬರುವವರೆಗೆ ಕಾಯಿರಿ. ಕಾಂಡ ಎಲ್ಲ ಕಡೆಯೂ ಒಂದೇ ಹಸಿರಾಗಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಈಗಾಗಲೇ ಬಿಚ್ಚಿಕೊಂಡ ಹಸಿರು ಎಲೆ ಮುಂದೆ ಎಂದೂ ಪಟ್ಟೆ ಎಲೆ ಆಗುವುದಿಲ್ಲ. ನೀವು ಏನು ಮಾಡಿದರೂ ಫಲಿತಾಂಶ ನೋಡಬೇಕಾದ್ದು ಹೊಸ ಎಲೆಯಲ್ಲಿ.

ಹಸಿರು ಯಾಕೆ ಗೆಲ್ಲುತ್ತದೆ

ಬಿಳಿ ಭಾಗ ಆಹಾರ ತಯಾರಿಸುವುದಿಲ್ಲ, ಹಸಿರು ಭಾಗದ ದುಡಿಮೆಯಲ್ಲಿ ಬದುಕುತ್ತದೆ. ಒಂದೇ ಕುಂಡದಲ್ಲಿ ಒಂದು ಪಟ್ಟೆ ಬಳ್ಳಿ, ಒಂದು ಹಸಿರು ಬಳ್ಳಿ ಇದ್ದರೆ ಹಸಿರಿನದಕ್ಕೆ ಆದಾಯ ಹೆಚ್ಚು. ಬೇಗ ಉದ್ದ ಬೆಳೆಯುತ್ತದೆ, ಎಲೆ ದೊಡ್ಡದಾಗುತ್ತದೆ, ಕೆಳಗಿನ ಪಟ್ಟೆ ಬಳ್ಳಿಗೆ ನೆರಳು ಮಾಡುತ್ತದೆ. ಗಿಡ ಪೂರ್ತಿ ಹಸಿರಾಯಿತು ಎಂದು ಜನ ಹೇಳುವಾಗ ಎಷ್ಟೋ ಸಲ ಆಗಿರುವುದು ಇದು. ಎಲ್ಲೋ ಒಂದು ಕವಲು ಹಸಿರಾಯಿತು, ಅದನ್ನು ಬಿಟ್ಟಿರಿ, ಅದು ಮಿಕ್ಕಿದ್ದನ್ನು ಮುಚ್ಚಿತು. ಬೇಗ ಕತ್ತರಿಸಿ ಎಂದು ಹೇಳುವುದು ಇದಕ್ಕೇ.

ಗೊಬ್ಬರದ ಬಗ್ಗೆ ತುಂಬಾ ಮಾತಿದೆ. ಯೂರಿಯಾದಂತಹ ಸಾರಜನಕ ಜಾಸ್ತಿ ಇರುವ ಗೊಬ್ಬರ ಹಾಕಿದರೆ ಇರುವ ಹಸಿರು ಇನ್ನೂ ಕಡು ಹಸಿರಾಗುತ್ತದೆ, ಹಸಿರು ಚಿಗುರು ಇನ್ನೂ ಜೋರಾಗಿ ಓಡುತ್ತದೆ. ಆದರೆ ಬಿಳಿ ಕೋಶವನ್ನು ಹಸಿರು ಕೋಶ ಮಾಡುವ ಶಕ್ತಿ ಗೊಬ್ಬರಕ್ಕಿಲ್ಲ. ಹಾಗೆಯೇ ಗಿಡವನ್ನು ಉಪವಾಸ ಕೆಡವಿದರೆ ಬಿಳಿ ವಾಪಸ್ ಬರುವುದಿಲ್ಲ, ಹಳೆ ಎಲೆ ಹಳದಿಯಾಗಿ ಉದುರುತ್ತದೆ. ಎಪ್ಸಮ್ ಸಾಲ್ಟ್ ಹಾಕಿ ಪಟ್ಟೆ ತರಿಸಬಹುದು ಎನ್ನುವವರ ಮಾತನ್ನು ನಾನಂತೂ ನಂಬುವುದಿಲ್ಲ. ಅದು ಕೊಡುವ ಮೆಗ್ನೀಸಿಯಮ್ ಹರಿತ್ತು ತಯಾರಿಸಲು ಬೇಕಾದ ವಸ್ತು, ಅಂದರೆ ನಮಗೆ ಬೇಕಾದ್ದಕ್ಕೆ ಉಲ್ಟಾ.

ಕತ್ತರಿಸುವ ಮುಂಚೆ

ಬೆಳಕು ಮೊದಲು, ಕತ್ತರಿ ಆಮೇಲೆ. ಕತ್ತಲೆ ಮೂಲೆಯಲ್ಲೇ ಇಟ್ಟು ಕತ್ತರಿಸಿದರೆ ಹೊಸ ಚಿಗುರೂ ಸಪ್ಪೆಯಾಗಿಯೇ ಬರುತ್ತದೆ. ಪೂರ್ವದ ಕಿಟಕಿ ಅಥವಾ ಬಾಲ್ಕನಿ ಇದಕ್ಕೆ ಅತ್ಯುತ್ತಮ. ಬೆಳಗಿನ 9 ಗಂಟೆ ಒಳಗಿನ ಎಳೆ ಬಿಸಿಲು ಬಿದ್ದರೆ ತೊಂದರೆಯಿಲ್ಲ. ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನದ ಬಿಸಿಲು ಬೇಡ, ಬಿಳಿ ಭಾಗಗಳು ಕಂದಾಗಿ ಸುಟ್ಟುಹೋಗುತ್ತವೆ. ಪಶ್ಚಿಮದ ಬಾಲ್ಕನಿ ಮಾತ್ರ ಇದ್ದರೆ ತೆಳು ಬಿಳಿ ಪರದೆ ಹಾಕಿ ಅದರ ಹಿಂದೆ ಇಡಿ. ಕತ್ತಲೆಯಿಂದ ಒಮ್ಮೆಲೇ ಜೋರು ಬೆಳಕಿಗೆ ತರಬೇಡಿ, ಒಂದು ವಾರದಲ್ಲಿ ನಿಧಾನವಾಗಿ ಹತ್ತಿರ ಸರಿಸಿ.

ಗಿಡ ಬೆಳೆಯುವ ಕಾಲದಲ್ಲಿ ಕತ್ತರಿಸಿ. ಬಯಲುಸೀಮೆಯಲ್ಲಿ ಫೆಬ್ರುವರಿ ಕೊನೆಯಿಂದ ಸೆಪ್ಟೆಂಬರ್ ತನಕ ಒಳ್ಳೆಯದು. ಮಲೆನಾಡಿನಲ್ಲಿ ಮೋಡ ಕವಿದ ಜುಲೈ, ಆಗಸ್ಟ್ ಬಿಟ್ಟು ಮಳೆಗೆ ಮುಂಚೆಯೇ ಮುಗಿಸಿಕೊಳ್ಳುವುದು ಮೇಲು. ಡಿಸೆಂಬರ್ ಚಳಿಯಲ್ಲಿ ಕತ್ತರಿಸಿದರೆ ಗಿಡ ಸಾಯುವುದಿಲ್ಲ, ಆದರೆ ಮೊಗ್ಗು ಸುಮ್ಮನೆ ಕೂತುಬಿಡುತ್ತದೆ.

ಹರಿತವಾದ ಕತ್ತರಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ. ಮನಿ ಪ್ಲಾಂಟ್‌ನ ರಸ ಕೆಲವರಿಗೆ ತುರಿಕೆ ತರುತ್ತದೆ, ಬಾಯಿಗೆ ಹೋದರೆ ಉರಿಯುತ್ತದೆ. ಕೈಗವಸು ಹಾಕಿಕೊಳ್ಳಿ, ತುಂಡುಗಳನ್ನು ಮಕ್ಕಳು ಮತ್ತು ನಾಯಿ ಬೆಕ್ಕುಗಳ ಕೈಗೆ ಬಾಯಿಗೆ ಸಿಗದಂತೆ ಇಡಿ.

ಗೆಣ್ಣು ಓದುವುದು

ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಜಾಗ ಗೆಣ್ಣು. ಅಲ್ಲಿ ಒಂದು ಕಡೆ ಕಂದು ಬಣ್ಣದ ಗಂಟಿನ ಹಾಗೆ ಗಾಳಿ ಬೇರು ಹೊರಡುತ್ತದೆ. ಅದು ಚಿಗುರಲ್ಲ, ಗೊಂದಲ ಮಾಡಿಕೊಳ್ಳಬೇಡಿ. ನಮಗೆ ಬೇಕಾದ ಮೊಗ್ಗು ಎಲೆಯ ಕಂಕುಳಲ್ಲಿ, ಅಂದರೆ ತೊಟ್ಟು ಮತ್ತು ಕಾಂಡದ ನಡುವಿನ ಸಂದಿಯಲ್ಲಿ, ಸಣ್ಣ ಉಬ್ಬಾಗಿ ಇರುತ್ತದೆ. ತೊಟ್ಟಿನ ಬುಡದ ಒಣ ಹೊದಿಕೆಯನ್ನು ಉಗುರಿನಿಂದ ಮೆಲ್ಲಗೆ ಸರಿಸಿದರೆ ಕಾಣುತ್ತದೆ. ತುದಿ ಕತ್ತರಿಸಿದ ಮೇಲೆ ಉಳಿದ ಕಾಂಡದ ಅತ್ಯಂತ ಮೇಲಿನ ಮೊಗ್ಗು ಸಾಮಾನ್ಯವಾಗಿ ಮೊದಲು ಎದ್ದು ಹೊಸ ಬಳ್ಳಿಯಾಗುತ್ತದೆ. ಹಾಗಾಗಿ ಎಲ್ಲಿ ಕತ್ತರಿಸಬೇಕು ಎಂದರೆ ಯಾವ ಮೊಗ್ಗನ್ನು ಎಬ್ಬಿಸಬೇಕು ಎಂದೇ ಅರ್ಥ.

ಆ ಮೊಗ್ಗು ಕೂತಿರುವ ಬದಿಯಲ್ಲಿ ಕಾಂಡ ಹೇಗಿದೆ ನೋಡಿ. ಬಿಳಿ ಗೆರೆ ಮತ್ತು ಹಸಿರು ಗೆರೆ ಎರಡೂ ಮೊಗ್ಗಿನ ಬುಡದ ಮೂಲಕ ಹಾದುಹೋಗಿದ್ದರೆ ಅದು ಒಳ್ಳೆಯ ಗೆಣ್ಣು. ಗೆರೆ ಕಾಂಡದ ಹಿಂಬದಿಯಲ್ಲಿ ಮಾತ್ರ ಇದ್ದು ಮೊಗ್ಗಿನ ಬದಿ ಹಸಿರಾಗಿದ್ದರೆ ಬರುವ ಬಳ್ಳಿ ಹಸಿರಾಗುವ ಸಾಧ್ಯತೆಯೇ ಹೆಚ್ಚು. ಮೊಗ್ಗಿನ ಬದಿ ಪೂರ್ತಿ ಬಿಳಿಯಾಗಿದ್ದರೂ ಖುಷಿಪಡಬೇಡಿ. ಬರೀ ಬಿಳಿ ಎಲೆ ಬಂದು, ಅಂಚು ಒಣಗಿ, ಬಳ್ಳಿ ಕುಗ್ಗುತ್ತದೆ.

ಒಂದು ಬಳ್ಳಿ, ಗೆಣ್ಣು ಗೆಣ್ಣಾಗಿ

ನಮ್ಮ ಪಕ್ಕದ ಮನೆಯ ಶಾರದಕ್ಕನ ಹ್ಯಾಂಗಿಂಗ್ ಪಾಟ್‌ನ ಒಂದು ಬಳ್ಳಿಯನ್ನೇ ತೆಗೆದುಕೊಳ್ಳೋಣ. ಮಣ್ಣಿನಿಂದ ತುದಿಯವರೆಗೆ 13 ಎಲೆ. ಮೊದಲ ಐದು ಚೆನ್ನಾಗಿ ಪಟ್ಟೆ ಇದ್ದವು. ಆರನೆಯದು ಸಾಧಾರಣ, ಅಲ್ಲಲ್ಲಿ ಬಿಳಿ ಚುಕ್ಕೆ. ಏಳು ಕೂಡ ಅಂಥದ್ದೇ. ಎಂಟನೆಯ ಎಲೆ ಮಾತ್ರ ಅರ್ಧಕ್ಕರ್ಧ ಬಿಳಿ, ಇಡೀ ಬಳ್ಳಿಯಲ್ಲೇ ಚೆಂದದ್ದು. ಒಂಬತ್ತರಲ್ಲಿ ಒಂದು ಸಣ್ಣ ಗೀರು. ಹತ್ತರಿಂದ ಹದಿಮೂರು ಬರೀ ಹಸಿರು, ಅಲ್ಲಿ ಕಾಂಡದಲ್ಲೂ ಗೆರೆ ಇಲ್ಲ.

'ಎಂಟರ ಮೇಲೆ ಕತ್ತರಿಸೋಣ, ಅದೇ ಚೆನ್ನಾಗಿದೆ ಅಲ್ವಾ?' ಎಂದರು ಅಕ್ಕ. ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ಎಂಟನೆಯ ಗೆಣ್ಣನ್ನು ತಿರುಗಿಸಿ ನೋಡಿದರೆ ಬಿಳಿ ಗೆರೆಯೆಲ್ಲ ತೊಟ್ಟಿನ ಒಂದು ಪಕ್ಕಕ್ಕೆ ಹೊರಳಿ ಆ ಎಲೆಯೊಳಗೆ ಮುಗಿದುಹೋಗಿತ್ತು. ಮೊಗ್ಗಿನ ಬುಡ ಶುದ್ಧ ಹಸಿರು. ಇದ್ದ ಬಿಳಿಯನ್ನು ಎಲೆ ತೆಗೆದುಕೊಂಡಿತ್ತು, ಮೊಗ್ಗಿಗೆ ಉಳಿದಿರಲಿಲ್ಲ. ಏಳರಲ್ಲಿ ಗೆರೆ ಇತ್ತು, ಆದರೆ ಹಿಂಬದಿಯಲ್ಲಿ. ಆರರಲ್ಲಿ ಎಲೆ ಸಾಧಾರಣವಾಗಿದ್ದರೂ ಎರಡು ಬಿಳಿ ಗೆರೆಗಳು ಹಸಿರಿನ ನಡುವೆ ನೇರವಾಗಿ ಮೊಗ್ಗಿನ ಕೆಳಗೆ ಹಾದಿದ್ದವು. ಕತ್ತರಿಸಬೇಕಾದ್ದು ಆರರ ಮೇಲೆ.

ಹೀಗೆ ಮಾಡಿದೆವು. ಆರನೆಯ ಎಲೆ ಮತ್ತು ಅದರ ಮೊಗ್ಗು ಉಳಿಯುವಂತೆ, ಗೆಣ್ಣಿನ ಮೇಲೆ ಸುಮಾರು ಒಂದು ಸೆಂಟಿಮೀಟರ್ ಬಿಟ್ಟು, ಒಂದೇ ಏಟಿಗೆ ಕತ್ತರಿಸಿದೆವು. ಗೆಣ್ಣಿಗೆ ತಾಗಿಸಿ ಕತ್ತರಿಸಿದರೆ ತುದಿ ಒಣಗುವಾಗ ಮೊಗ್ಗೂ ಒಣಗಬಹುದು. ಆರನೆಯ ಎಲೆಯನ್ನು ಕೀಳಲಿಲ್ಲ, ಹೊಸ ಚಿಗುರಿಗೆ ಊಟ ಹಾಕುವುದು ಅದೇ. ಗಾಯಕ್ಕೆ ಅರಿಶಿನ, ಮೇಣ ಏನೂ ಬೇಕಿಲ್ಲ, ಒಂದೆರಡು ದಿನ ಒದ್ದೆ ಮಾಡದಿದ್ದರೆ ಸಾಕು.

ಕತ್ತರಿಸಿದ ಮೇಲೆ ಎಲೆ ಕಡಿಮೆ, ನೀರಿನ ಅಗತ್ಯವೂ ಕಡಿಮೆ. ಹಳೇ ಲೆಕ್ಕದಲ್ಲೇ ನೀರು ಹಾಕಿದರೆ ಬೇರು ಕೊಳೆಯುತ್ತದೆ. ಮೇಲಿನ ಒಂದು ಇಂಚು ಮಣ್ಣು ಒಣಗಿದ ಮೇಲೆ ಹಾಕಿ. ಚಿಗುರು ಕಾಣಿಸುವವರೆಗೆ ಗೊಬ್ಬರ ಬೇಡ. ಆಮೇಲೆ 19:19:19 ಎಂದು ಸಿಗುವ ಗೊಬ್ಬರ ಒಂದು ಲೀಟರ್ ನೀರಿಗೆ ಒಂದು ಗ್ರಾಂ, ಮೂರು ನಾಲ್ಕು ವಾರಕ್ಕೊಮ್ಮೆ, ಅಷ್ಟೇ ಸಾಕು.

ಬೆಚ್ಚಗಿನ ತಿಂಗಳಲ್ಲಿ ಮೊಗ್ಗು ಎರಡರಿಂದ ನಾಲ್ಕು ವಾರದಲ್ಲಿ ಎದ್ದೇಳುತ್ತದೆ. ಮೊದಲ ಎಲೆ ಚಿಕ್ಕದಾಗಿ, ಕೆಲವೊಮ್ಮೆ ವಿಚಿತ್ರವಾಗಿ ಬರುತ್ತದೆ. ಅದನ್ನು ನೋಡಿ ತೀರ್ಮಾನ ಮಾಡಬೇಡಿ. ಎರಡನೆಯ, ಮೂರನೆಯ ಎಲೆ ಮತ್ತು ಹೊಸ ಕಾಂಡದ ಗೆರೆ ನೋಡಿ. ಶಾರದಕ್ಕನ ಬಳ್ಳಿಯಲ್ಲಿ ಮೂರನೆಯ ಎಲೆಯ ಹೊತ್ತಿಗೆ ಪಟ್ಟೆ ಸ್ಪಷ್ಟವಾಯಿತು. ಹಾಗೆ ಆಗದೆ ಮೂರೂ ಹಸಿರು, ಕಾಂಡವೂ ಹಸಿರು ಎಂದಾದರೆ ಹೊಸ ಕವಲನ್ನು ತೆಗೆದು, ಇನ್ನೊಂದು ಒಳ್ಳೆಯ ಗೆಣ್ಣು ಸಿಗುವ ತನಕ ಕೆಳಗೆ ಹೋಗಬೇಕು. ಗೆಣ್ಣು ಓದುವುದು ಸಾಧ್ಯತೆಯನ್ನು ಹೆಚ್ಚಿಸುತ್ತದೆ, ಖಾತ್ರಿ ಕೊಡುವುದಿಲ್ಲ. ಮೊಗ್ಗಿನೊಳಗೆ ಯಾವ ಕೋಶ ಎಲ್ಲಿದೆ ಎಂದು ಹೊರಗಿನಿಂದ ಪೂರ್ತಿ ಗೊತ್ತಾಗುವುದಿಲ್ಲ.

ಕತ್ತರಿಸಿದ ತುಂಡು

ಏಳರಿಂದ ಹದಿಮೂರರವರೆಗಿನ ತುಂಡನ್ನು ಎಸೆಯಬೇಕಿಲ್ಲ. ಅದರಲ್ಲಿ ಪೂರ್ತಿ ಹಸಿರಾದ ಭಾಗ ಗಟ್ಟಿ ಮನಿ ಪ್ಲಾಂಟ್, ಬೆಳಕು ಕಡಿಮೆ ಇರುವ ಜಾಗಕ್ಕೆ ಪಟ್ಟೆಯದಕ್ಕಿಂತ ಚೆನ್ನಾಗಿ ಹೊಂದುತ್ತದೆ. ನೀರಿನ ಬಾಟಲಿಗೆ ಹಾಕಿ, ಇಲ್ಲವೇ ಬೇರೆ ಕುಂಡದಲ್ಲಿ ನೆಡಿ. ಪಟ್ಟೆ ಗಿಡದ ಕುಂಡದಲ್ಲೇ ಚುಚ್ಚಬೇಡಿ. ಕುಂಡ ತುಂಬಿ ಕಾಣಲಿ ಎಂದು ಹಾಗೆ ಮಾಡುವವರು ಇದ್ದಾರೆ, ಒಂದು ವರ್ಷದಲ್ಲಿ ಹಸಿರೇ ಆಳುತ್ತದೆ.

ಪಟ್ಟೆ ಗಿಡ ಹೆಚ್ಚು ಬೇಕಿದ್ದರೆ ಇನ್ನೊಂದು ಬಳ್ಳಿಯಿಂದ ಚೆನ್ನಾಗಿ ಗೆರೆ ಹಾದ ಗೆಣ್ಣುಗಳನ್ನು ಆರಿಸಿ, ಒಂದು ಗೆಣ್ಣು ಒಂದು ಎಲೆಯಂತೆ ತುಂಡು ಮಾಡಿ. ಗೆಣ್ಣು ನೀರಿನಲ್ಲಿ ಮುಳುಗಿರಲಿ, ಎಲೆ ಮೇಲಿರಲಿ, ನಾಲ್ಕೈದು ದಿನಕ್ಕೊಮ್ಮೆ ನೀರು ಬದಲಿಸಿ. ಬೇರು ಎರಡು ಮೂರು ಇಂಚು ಆದಮೇಲೆ ಮಣ್ಣಿಗೆ ಹಾಕಿ. ಗೆಣ್ಣಿಲ್ಲದ ಬರೀ ಎಲೆ ನೀರಿನಲ್ಲಿ ಬಹಳ ದಿನ ಹಸಿರಾಗಿ ಇರಬಹುದು, ಬೇರೂ ಬಿಡಬಹುದು, ಆದರೆ ಬಳ್ಳಿಯಾಗುವುದಿಲ್ಲ.

ಬೇರೆ ಗಿಡಗಳಲ್ಲಿ ಎಲ್ಲಿ ಲೆಕ್ಕ ಬದಲಾಗುತ್ತದೆ

ವೆರಿಗೇಟೆಡ್ ಫೈಕಸ್, ಅಂಬ್ರೆಲಾ ಪ್ಲಾಂಟ್‌ನಂತಹ ಗಟ್ಟಿ ಕಾಂಡದ ಗಿಡಗಳಲ್ಲಿ ಹಸಿರು ಕೊಂಬೆಯನ್ನು ಅದು ಹುಟ್ಟಿದ ಜಾಗಕ್ಕೇ ಹೋಗಿ ತೆಗೆಯಬೇಕು. ಅರ್ಧಕ್ಕೆ ಕತ್ತರಿಸಿದರೆ ಉಳಿದ ತುಂಡಿನಿಂದ ಒಂದರ ಬದಲು ಮೂರು ಹಸಿರು ಕವಲು ಬರುತ್ತವೆ. ಇಡೀ ಗಿಡವನ್ನು ಬುಡದವರೆಗೆ ಬೋಳಿಸುವುದೂ ಒಳ್ಳೆಯದಲ್ಲ, ಹಳೇ ಕಾಂಡದೊಳಗಿಂದ ಏಳುವ ಚಿಗುರು ಹಸಿರಾಗಿಯೇ ಬರಬಹುದು. ಫೈಕಸ್‌ನ ಹಾಲು ಬಟ್ಟೆಗೆ, ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ.

ಹಳದಿ ಅಂಚಿನ ಸ್ನೇಕ್ ಪ್ಲಾಂಟ್‌ನ ಎಲೆ ತುಂಡು ಮಾಡಿ ನೆಟ್ಟರೆ ಮರಿ ಬರುತ್ತದೆ, ಆದರೆ ಅಂಚು ಹೋಗಿರುತ್ತದೆ. ಹೊಸ ಗಿಡ ಹುಟ್ಟುವುದು ಒಳಗಿನ ಹಸಿರು ಪದರದಿಂದ, ಹಾಗಾಗಿ. ಅಂಚು ಉಳಿಯಬೇಕಾದರೆ ಬುಡದ ಮರಿಯನ್ನು ಬೇರು ಸಮೇತ ಬೇರ್ಪಡಿಸಿ ನೆಡಬೇಕು. ಆಗಲೇ ಹಸಿರಾಗಿ ಹುಟ್ಟಿದ ಮರಿಗೆ ಏನು ಮಾಡಿದರೂ ಅಂಚು ಬರುವುದಿಲ್ಲ.

ಪಿಂಕ್ ಕಾಂಗೋ ಎಂದು ಮಾರುವ ಗುಲಾಬಿ ಎಲೆಯ ಫಿಲೋಡೆಂಡ್ರಾನ್ ವಿಷಯ ಇನ್ನೂ ಸರಳ. ಅದರ ಗುಲಾಬಿ ಬಣ್ಣವನ್ನು ರಾಸಾಯನಿಕ ಕೊಟ್ಟು ತರಿಸಿರುತ್ತಾರೆ. ಅದರ ಪ್ರಭಾವ ಇಳಿದ ಮೇಲೆ ಹೊಸ ಎಲೆಗಳು ಹಸಿರಾಗುತ್ತವೆ. ಅಲ್ಲಿ ಕತ್ತರಿಗೆ ಕೆಲಸವಿಲ್ಲ.

ಮಣ್ಣಿನ ತನಕ ಗೆರೆಯೇ ಇಲ್ಲದಿದ್ದರೆ

ಬುಡದ ಗೆಣ್ಣಿನವರೆಗೆ ಇಳಿದರೂ ಬಿಳಿ ಗೆರೆ ಸಿಗಲಿಲ್ಲ ಎಂದರೆ ಆ ಬಳ್ಳಿಯಿಂದ ಪಟ್ಟೆ ಮತ್ತೆ ಬರುತ್ತದೆ ಎಂದು ಕಾಯಬೇಡಿ. ಹೊಸದಾಗಿ ಅಂಥ ಬದಲಾವಣೆ ತಾನಾಗಿ ಆಗುವುದು ಉಂಟು, ಆದರೆ ಅದು ಲಾಟರಿ. ಕುಂಡದಲ್ಲಿ ಬೇರೆ ಬಳ್ಳಿಗಳಿದ್ದರೆ ಅವನ್ನೂ ಒಂದೊಂದಾಗಿ ಬಿಡಿಸಿ ನೋಡಿ. ನರ್ಸರಿಯವರು ಒಂದು ಕುಂಡದಲ್ಲಿ ನಾಲ್ಕೈದು ಕಟಿಂಗ್ ನೆಟ್ಟಿರುತ್ತಾರೆ, ಒಂದರಲ್ಲಾದರೂ ಗೆರೆ ಉಳಿದಿರಬಹುದು. ಅದನ್ನು ಬೇರೆ ಕುಂಡಕ್ಕೆ ಹಾಕಿದರೆ ಹಸಿರಿನ ನೆರಳಿನಿಂದ ಹೊರಬರುತ್ತದೆ.

ಹೊಸದು ಕೊಳ್ಳುವಾಗಲೂ ಇದೇ ಪರೀಕ್ಷೆ. ಎಲೆ ನೋಡಿ ಮಾರುಹೋಗದೆ ಬಳ್ಳಿಯನ್ನು ಎತ್ತಿ ಕಾಂಡ ನೋಡಿ. ಬೆಲೆ ಹೆಚ್ಚಿರುವ ಬಿಳಿ ಮಾನ್ಸ್ಟೆರಾದ ವಿಷಯದಲ್ಲಿ ಇದು ಇನ್ನೂ ಮುಖ್ಯ. 'ತಾಯಿ ಗಿಡ ವೆರಿಗೇಟೆಡ್, ಈ ತುಂಡು ಈಗ ಹಸಿರಿದೆ, ಮುಂದೆ ಬಿಳಿ ಬರುತ್ತೆ' ಎಂದು ಆನ್‌ಲೈನ್‌ನಲ್ಲಿ ಮಾರುವವರಿದ್ದಾರೆ. ಮೊಗ್ಗಿನ ಬದಿಯಿಂದ ತೆಗೆದ ಫೋಟೋ ಕೇಳಿ. ಅಲ್ಲಿ ಗೆರೆ ಇಲ್ಲದಿದ್ದರೆ ಹಸಿರು ಮಾನ್ಸ್ಟೆರಾದ ಬೆಲೆಯನ್ನಷ್ಟೇ ಕೊಡಿ.